ಫೋನ್ ನಂಬರ್ ಇಲ್ಲದ ನೋಟಿಸ್

"ನಮ್ಮ ಕಂಪನಿಯ ಬ್ಯಾಂಕ್ ಖಾತೆ ಬದಲಾಗಿದೆ. ದಯವಿಟ್ಟು ಇನ್ನು ಮುಂದೆ ಹಣವನ್ನು ಈ ಕೆಳಗಿನ ಹೊಸ ಖಾತೆಗೆ ಕಳಿಸಿ."

ಈ ಎರಡು ಸಾಲು ಓದಿ, ಇದನ್ನು ಬರೆದಿದ್ದು ನಿಜವಾದ ಕಂಪನಿನೋ ಕಳ್ಳನೋ ಹೇಳಿ ನೋಡೋಣ. ಹೇಳೋಕೆ ಆಗಲ್ಲ. ಕಂಪನಿ ಬರೆದರೂ ಇದೇ ಮಾತು, ಕಳ್ಳ ಬರೆದರೂ ಇದೇ ಮಾತು. ಲೆಟರ್‌ಹೆಡ್ಡು, ಸೀಲು, ಸಹಿ ಎಲ್ಲವನ್ನೂ ಹಳೇ ಬಿಲ್ಲಿನಿಂದ ಕತ್ತರಿಸಿ ಅಂಟಿಸಬಹುದು. ಫೋನಿನಲ್ಲೇ ಐದು ನಿಮಿಷದ ಕೆಲಸ.

ಹಾಗಾದ್ರೆ ನಿಜವಾಗಿಯೂ ಖಾತೆ ಬದಲಾಯಿಸುವ ಕಂಪನಿ ಏನು ಮಾಡಬೇಕು? ತನ್ನ ನೋಟಿಸು ಕಳ್ಳನ ನೋಟಿಸಿನ ಥರ ಕಾಣದ ಹಾಗೆ ಹೇಗೆ ಬರೆಯಬೇಕು? ಈ ಪ್ರಶ್ನೆ ನನ್ನ ಮುಂದೆ ಬಂದಿದ್ದು ಆಫೀಸಿನಲ್ಲಲ್ಲ, ಊರಿನಲ್ಲಿ. ನಮ್ಮದು ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಹೋಬಳಿ. ಅಲ್ಲಿನ ಒಂದು ಸಣ್ಣ ಕಾಫಿ ಖರೀದಿ ಕಂಪನಿಗೆ ಬೇರೆ ಬ್ಯಾಂಕಿನಲ್ಲಿ ಸಾಲದ ಮಿತಿ ಸಿಕ್ಕಿತ್ತು. ಸಾಲ ಕೊಡೋ ಬ್ಯಾಂಕಿನವರು ವಹಿವಾಟೆಲ್ಲ ನಮ್ಮಲ್ಲೇ ನಡೀಬೇಕು ಅಂದಿದ್ದರು. ಖಾತೆ ಬದಲಾಗಲೇಬೇಕಿತ್ತು. "ನೀನು ಕಂಪ್ಯೂಟರ್ ಓದಿದೋನು, ಒಂದು ನೋಟಿಸ್ ಬರ್ಕೊಡಪ್ಪ" ಅಂತ ನಮ್ಮ ಚಿಕ್ಕಪ್ಪನ ಮೂಲಕ ಕೆಲಸ ನನ್ನ ಹತ್ರ ಬಂತು. ಒಂದು ಪುಟದ ಆ ನೋಟಿಸ್ ಬರೆಯೋಕೆ ಎರಡು ಭಾನುವಾರ ಹಿಡೀತು. ಯಾಕೆ ಅಂತ ಈ ಸಲ ಹೇಳ್ತೀನಿ.

ಎರಡು ಅಕ್ಷರ ಅದಲು ಬದಲು

ಮೊದಲು ಒಂದು ದೊಡ್ಡ ಪ್ರಕರಣ. 2015ರಲ್ಲಿ ನಮ್ಮ ದೇಶದ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ, ಸೌದಿ ಅರೇಬಿಯಾದ ಅರಾಮ್ಕೋ ಕಂಪನಿಗೆ ನಾಫ್ತಾ ಮಾರಿತ್ತು. ಸರಕು ಹೋಯಿತು, ಹಣ ಬರಲಿಲ್ಲ. ವಿಚಾರಿಸಿದರೆ, ಅರಾಮ್ಕೋದವರು ಹಣ ಕಳಿಸಿಯಾಗಿತ್ತು. ಆದರೆ ಅದು ಹೋಗಿದ್ದು ಬೇರೆ ಯಾರದೋ ಖಾತೆಗೆ. ನಡುವೆ ಒಬ್ಬ ಕಳ್ಳ ಒಎನ್‌ಜಿಸಿ ಹೆಸರಿನಲ್ಲಿ ಮೇಲ್ ಬರೆದು, ಹೊಸ ಖಾತೆಯ ವಿವರ ಕೊಟ್ಟಿದ್ದ. ಆಗ ವರದಿಯಾದ ಮೊತ್ತ ಸುಮಾರು 197 ಕೋಟಿ ರೂಪಾಯಿ.

ಮೇಲ್ ವಿಳಾಸದಲ್ಲಿದ್ದ ವ್ಯತ್ಯಾಸ ಇಷ್ಟೇ:

```
ongc.co.in
ognc.co.in
```

ಎರಡು ಅಕ್ಷರ ಜಾಗ ಬದಲಾಯಿಸಿವೆ. ಫೋನಿನ ಪರದೆಯಲ್ಲಿ ಓದೋವಾಗ ನಮ್ಮ ಕಣ್ಣು ಪೂರ್ತಿ ಹೆಸರನ್ನು ಒಂದೇ ಚಿತ್ರವಾಗಿ ನೋಡುತ್ತೆ, ಅಕ್ಷರ ಅಕ್ಷರವಾಗಿ ಓದಲ್ಲ. ಹಾಗಾಗಿ "ಹುಷಾರಾಗಿ ನೋಡಿ" ಅನ್ನೋ ಬುದ್ಧಿಮಾತಿನಿಂದ ಇದು ನಿಲ್ಲಲ್ಲ.

ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಮೇಲ್ ಬಂದಿದ್ದು ನಿಜವಾದ ವ್ಯವಹಾರದ ನಡುವೆ. ಸರಕು ನಿಜ, ಬಾಕಿ ನಿಜ, ಹಣ ಕೊಡಬೇಕಾಗಿದ್ದೂ ನಿಜ. ಸುಳ್ಳಾಗಿದ್ದು ಖಾತೆಯ ಸಂಖ್ಯೆ ಮಾತ್ರ. ಲಾಟರಿ ಹೊಡೆದಿದೆ ಅನ್ನೋ ಮೋಸಕ್ಕೆ ಬೀಳದವರೂ ಇದಕ್ಕೆ ಬೀಳೋದು ಈ ಕಾರಣಕ್ಕೇ. ಕೊಡಬೇಕಾದ ಹಣವನ್ನೇ ಕೊಡ್ತಿರ್ತೀವಿ, ಅನುಮಾನ ಯಾಕೆ ಬರುತ್ತೆ?

ಹಣ ಎರಡೂ ಕಡೆ ಹರಿಯುತ್ತೆ

ಕಾಫಿ ಖರೀದಿ ಕಂಪನಿ ಬೆಳೆಗಾರರಿಗೆ ಹಣ ಕೊಡುತ್ತೆ ತಾನೇ, ಅವರಿಗೆ ಕಂಪನಿಯ ಖಾತೆ ಸಂಖ್ಯೆ ಯಾಕೆ ಬೇಕು ಅಂತ ನಾನೂ ಮೊದಲು ಯೋಚಿಸಿದ್ದೆ. ಅಲ್ಲಿನ ಮ್ಯಾನೇಜರ್ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ಚೆರಿ, ಪಾರ್ಚ್‌ಮೆಂಟ್, ಮೆಣಸಿನ ಹಣ ಕಂಪನಿಯಿಂದ ಬೆಳೆಗಾರರಿಗೆ ಹೋಗುತ್ತೆ. ಆದರೆ ಗೊಬ್ಬರದ ಬಾಕಿ, ಗೋಣಿ ಚೀಲದ ಡಿಪಾಸಿಟ್ಟು, ಮುಂಗಡ ಹೆಚ್ಚಾಗಿ ಪಡೆದಿದ್ದರೆ ಅದರ ವಾಪಸಾತಿ, ಇವೆಲ್ಲ ಬೆಳೆಗಾರರಿಂದ ಕಂಪನಿಗೆ ಬರುತ್ತೆ. ಲಾರಿಯವರು, ಗೋಣಿ ಚೀಲದವರು, ಗೊಬ್ಬರದ ಅಂಗಡಿಯವರು ಬೇರೆ ಇದ್ದಾರೆ.

ಹೀಗಾಗಿ ನೋಟಿಸಿನಿಂದ ಎರಡು ಬೇರೆ ಬೇರೆ ಅಪಾಯ ಹುಟ್ಟುತ್ತೆ.

ಮೊದಲನೇದು, ನೇರವಾದದ್ದು. ಕಂಪನಿಗೆ ಕಟ್ಟಬೇಕಾದ ಹಣವನ್ನು ಕಳ್ಳ ತನ್ನ ಖಾತೆಗೆ ತಿರುಗಿಸಿಕೊಳ್ತಾನೆ. ಕಂಪನಿಯ ಅಸಲಿ ನೋಟಿಸನ್ನೇ ಸಂಖ್ಯೆ ಮಾತ್ರ ತಿದ್ದಿ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿದರೂ ಸಾಕು.

ಎರಡನೇದು ಸ್ವಲ್ಪ ಸುತ್ತಿನದು. ನೋಟಿಸು ಹೋದ ಮೂರನೇ ದಿನ ಒಂದು ಫೋನ್ ಬರುತ್ತೆ. "ಗೌಡ್ರೇ, ನಮ್ಮ ಕಂಪನಿ ಬ್ಯಾಂಕ್ ಬದಲಾಯ್ತಲ್ಲ, ನೋಟಿಸ್ ಬಂತಾ? ಹೊಸ ಬ್ಯಾಂಕಿನ ಲಿಸ್ಟಿಗೆ ನಿಮ್ಮ ಹೆಸರು ಸೇರಿಸ್ತಾ ಇದೀವಿ. ಒಂದು ಒಟಿಪಿ ಬರುತ್ತೆ, ಹೇಳಿಬಿಡಿ." ನೋಟಿಸ್ ನಿಜ, ಬ್ಯಾಂಕ್ ಬದಲಾಗಿದ್ದೂ ನಿಜ. ಹಾಗಾಗಿ ಫೋನೂ ನಿಜ ಅನಿಸುತ್ತೆ. ಇಲ್ಲಿ ಕಂಪನಿಯ ನೋಟಿಸೇ ಕಳ್ಳನಿಗೆ ಪರಿಚಯ ಪತ್ರ ಆಗಿಬಿಡುತ್ತೆ.

ಮೊದಲನೇದರಲ್ಲಿ ಹೋಗೋದು ಕಟ್ಟಬೇಕಾದ ಬಾಕಿ. ಎರಡನೇದರಲ್ಲಿ ಖಾತೆಯಲ್ಲಿ ಇರೋದೆಲ್ಲ. ಕುಯ್ಲು ಮುಗಿದ ಮೇಲೆ ಬರೋ ಹಣ ನಮ್ಮ ಕಡೆ ತುಂಬಾ ಮನೆಗಳಿಗೆ ಇಡೀ ವರ್ಷದ ಹಣ. ಕೂಲಿ, ಗೊಬ್ಬರ, ಮಕ್ಕಳ ಫೀಸು ಎಲ್ಲ ಅದರಲ್ಲೇ. ಒಂದು ಕಂತು ಹೋದರೆ ಮುಂದಿನ ಕುಯ್ಲಿನವರೆಗೆ ಕಾಯಬೇಕು.

ಕೊನೆಗೆ ಬರೆದ ನೋಟಿಸು

ಹೆಸರು, ಸಂಖ್ಯೆ ಬಿಟ್ಟು ನೋಟಿಸನ್ನು ಹಾಗೇ ಕೊಡ್ತೀನಿ. ನಿಮ್ಮ ಮನೆಯವರದೋ ಸ್ನೇಹಿತರದೋ ವ್ಯಾಪಾರಕ್ಕೆ ಬೇಕಿದ್ದರೆ ಬಳಸಿಕೊಳ್ಳಿ.

> ಬೆಳೆಗಾರರಿಗೆ ಮತ್ತು ಸರಬರಾಜುದಾರರಿಗೆ ಸೂಚನೆ
>
> 1. ಆಗಸ್ಟ್ 1ರಿಂದ ನಮ್ಮ ಕಂಪನಿಯ ವಹಿವಾಟು ಹೊಸ ಬ್ಯಾಂಕ್ ಖಾತೆಯಲ್ಲಿ ನಡೆಯುತ್ತದೆ. ಕಾರಣ: ಕಂಪನಿಯ ಸಾಲದ ಖಾತೆ ಈ ಬ್ಯಾಂಕಿಗೆ ಬದಲಾಗಿದೆ.
>
> 2. ನಮ್ಮಿಂದ ಹಣ ಪಡೆಯುವವರು ಏನೂ ಮಾಡಬೇಕಾಗಿಲ್ಲ. ನಿಮ್ಮ ಹಣ ಎಂದಿನಂತೆ ನಿಮ್ಮ ಖಾತೆಗೇ ಬರುತ್ತದೆ. ಈ ಬದಲಾವಣೆಗಾಗಿ ನಾವು ಯಾರಿಂದಲೂ ಒಟಿಪಿ, ಪಿನ್, ಆಧಾರ್, ಪಾಸ್‌ಬುಕ್ ಫೋಟೋ ಕೇಳುವುದಿಲ್ಲ. ಯಾರಾದರೂ ಕೇಳಿದರೆ ಅವರು ನಮ್ಮವರಲ್ಲ.
>
> 3. ನಮಗೆ ಹಣ ಕಟ್ಟುವವರು ಹೊಸ ಖಾತೆಯ ಸಂಖ್ಯೆಯನ್ನು ನಮ್ಮ ಕಚೇರಿಯ ಬೋರ್ಡಿನಲ್ಲಿ ನೋಡಿ ಬರೆದುಕೊಳ್ಳಿ. ಆಗಸ್ಟ್ 1ರ ನಂತರದ ರಸೀದಿಗಳಲ್ಲೂ ಅದು ಮುದ್ರಿತವಾಗಿರುತ್ತದೆ. ಖಾತೆ ಸಂಖ್ಯೆಯನ್ನು ನಾವು ವಾಟ್ಸಾಪ್, ಎಸ್‌ಎಂಎಸ್ ಅಥವಾ ಫೋನ್ ಮೂಲಕ ಕಳಿಸುವುದಿಲ್ಲ.
>
> 4. ಹಳೆಯ ಖಾತೆ ಅಕ್ಟೋಬರ್ 31ರವರೆಗೆ ತೆರೆದಿರುತ್ತದೆ. ಅನುಮಾನವಿದ್ದರೆ ಅಲ್ಲಿಯವರೆಗೆ ಹಳೆಯ ಖಾತೆಗೇ ಕಟ್ಟಿ.
>
> 5. ವಿಚಾರಿಸಬೇಕಾದರೆ, ಕಳೆದ ವರ್ಷದ ನಿಮ್ಮ ರಸೀದಿಯಲ್ಲಿರುವ ನಮ್ಮ ಫೋನ್ ಸಂಖ್ಯೆಗೆ ಕರೆ ಮಾಡಿ. ಈ ಸೂಚನೆಯಲ್ಲಿ ಬೇಕೆಂದೇ ಫೋನ್ ಸಂಖ್ಯೆ ಕೊಟ್ಟಿಲ್ಲ.

ಕರಡು ಓದಿದ ಚಿಕ್ಕಪ್ಪ ಮೊದಲು ಕೇಳಿದ್ದೇ ಅದನ್ನ: "ಎಲ್ಲಾ ಬರ್ದಿದ್ದೀಯ, ಫೋನ್ ನಂಬರೇ ಹಾಕಿಲ್ವಲ್ಲೋ?"

ಪತ್ರ ಸುಳ್ಳಾಗಿದ್ದರೆ ಅದರಲ್ಲಿರೋ ನಂಬರೂ ಕಳ್ಳನದೇ. ಪತ್ರ ನಿಜವೋ ಅಂತ ಕೇಳೋಕೆ ಆ ನಂಬರಿಗೇ ಫೋನ್ ಮಾಡಿದರೆ, ಕಳ್ಳನನ್ನೇ "ನೀನು ಕಳ್ಳನಾ?" ಅಂತ ಕೇಳಿದ ಹಾಗೆ. ಅದೂ ಅಲ್ಲದೆ, ನಮ್ಮ ನಿಜವಾದ ಪತ್ರದಲ್ಲಿ ನಂಬರ್ ಇದ್ದರೆ ಬೆಳೆಗಾರರಿಗೆ ಪತ್ರದ ಮೇಲಿನ ನಂಬರಿಗೇ ಫೋನ್ ಮಾಡೋ ಅಭ್ಯಾಸ ನಾವೇ ಕಲಿಸಿದ ಹಾಗಾಗುತ್ತೆ. ಹಳೇ ರಸೀದಿಯಲ್ಲಿರೋ ನಂಬರು ಈ ಬದಲಾವಣೆಗೂ ಮುಂಚೆಯೇ ಅವರ ಮನೆ ಸೇರಿದೆ. ಅದನ್ನು ಕಳ್ಳ ತಿದ್ದೋಕಾಗಲ್ಲ.

ಖಾತೆ ಸಂಖ್ಯೆ ವಾಟ್ಸಾಪ್‌ನಲ್ಲಿ ಹಾಕದೇ ಇರೋದೂ ಇದೇ ಲೆಕ್ಕ. ವಾಟ್ಸಾಪ್ ಚಿತ್ರ ಹತ್ತು ಗುಂಪು ದಾಟಿ ಬಂದಾಗ ಅದರಲ್ಲಿರೋ ಸಂಖ್ಯೆ ಮೊದಲಿನದೇ ಅಂತ ಯಾರೂ ಹೇಳೋಕಾಗಲ್ಲ. ಆದರೆ "ನಾವು ವಾಟ್ಸಾಪ್‌ನಲ್ಲಿ ಸಂಖ್ಯೆ ಕಳಿಸೋದೇ ಇಲ್ಲ" ಅಂತ ಮೊದಲೇ ಹೇಳಿದ್ದರೆ, ಸಂಖ್ಯೆ ಇರೋ ಚಿತ್ರ ಬಂದ ಕ್ಷಣವೇ ಅದು ಸುಳ್ಳು ಅಂತ ಗೊತ್ತಾಗುತ್ತೆ. ಅಕ್ಷರ ಅಕ್ಷರ ಹೋಲಿಸಿ ನೋಡೋ ಕೆಲಸವೇ ಬೇಡ.

ಇಡೀ ನೋಟಿಸಿನಲ್ಲಿ ಹೆಚ್ಚು ಕೆಲಸ ಮಾಡೋದು ನಾಲ್ಕನೇ ಅಂಶ. ಕಳ್ಳನಿಗೆ ಅವಸರ ಬೇಕು. "ಹಳೇ ಖಾತೆ ಆಡಿಟ್‌ನಲ್ಲಿದೆ, ಅದಕ್ಕೆ ಹಾಕಬೇಡಿ, ಇವತ್ತೇ ಹೊಸದಕ್ಕೆ ಹಾಕಿ" ಅಂತಲೇ ಅವನು ಬರೆಯೋದು. ಹಳೇ ಖಾತೆ ಮೂರು ತಿಂಗಳು ತೆರೆದಿರುತ್ತೆ ಅಂತ ಕಂಪನಿಯೇ ಹೇಳಿದರೆ ಅವಸರಕ್ಕೆ ಜಾಗವೇ ಇಲ್ಲ. ಅನುಮಾನ ಬಂದವನಿಗೆ ಒಂದು ಸುರಕ್ಷಿತ ದಾರಿ ಉಳಿಯುತ್ತೆ. ಇದಕ್ಕೆ ಕಂಪನಿ ಕೊಡಬೇಕಾದ ಬೆಲೆ, ಮೂರು ತಿಂಗಳು ಎರಡು ಖಾತೆ ನೋಡಿಕೊಳ್ಳೋ ತಲೆನೋವು. ಹೊಸ ಬ್ಯಾಂಕಿನ ಷರತ್ತು ಅಷ್ಟು ದಿನ ಒಪ್ಪುತ್ತಾ ಅಂತ ಮೊದಲೇ ಕೇಳಿಕೊಂಡಿರಬೇಕು.

ತಾರೀಕು ಜುಲೈ–ಆಗಸ್ಟ್ ಆಗಿದ್ದೂ ಸುಮ್ಮನೆ ಅಲ್ಲ. ಅದು ನಮ್ಮಲ್ಲಿ ಮಳೆಗಾಲ, ಕಾಫಿ ಹಣದ ಓಡಾಟ ಕಡಿಮೆ. ಕುಯ್ಲಿನ ಹೊತ್ತಲ್ಲಿ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ದಿನಾ ತೂಕ, ದಿನಾ ಪೇಮೆಂಟು. ಆ ಗಡಿಬಿಡಿಯಲ್ಲಿ ಖಾತೆ ಬದಲಾಯಿಸಿದರೆ ಯಾರೂ ಯಾವುದನ್ನೂ ನಿಂತು ನೋಡಲ್ಲ.

ಹೆಸರು ನೋಡಿ ಅಂದ್ರೆ ಸಾಕಾ?

ಇನ್ನು ನೋಟಿಸ್ ಪಡೆದವರ ಕಡೆಯಿಂದ ನೋಡೋಣ. ಈ ಅಂಕಣ ಓದೋರಲ್ಲಿ ತುಂಬಾ ಜನ ಈ ಜಾಗದಲ್ಲೇ ಇರ್ತೀರಿ. ಊರಿಂದ ಅಪ್ಪ ಒಂದು ಫೋಟೋ ಕಳಿಸ್ತಾರೆ, "ಇದು ಸರಿನಾ ನೋಡು" ಅಂತ. ನೀವು ಬೆಂಗಳೂರಿನ ಮೆಟ್ರೋದಲ್ಲಿ ನಿಂತು ಅದನ್ನ ನೋಡಬೇಕು.

ಮೊದಲ ಕೆಲಸ ಹೇಳಿಯಾಯ್ತು: ಹಳೇ ಬಿಲ್ಲಿನ ನಂಬರಿಗೆ ಫೋನ್. ಟ್ರೂಕಾಲರ್‌ನಲ್ಲಿ ಕಂಪನಿ ಹೆಸರು ಬಂತು ಅನ್ನೋದನ್ನ ಸಾಕ್ಷಿ ಅಂತ ತಗೋಬೇಡಿ. ಆ ಹೆಸರು ಜನರು ಸೇವ್ ಮಾಡಿಕೊಂಡದ್ದರಿಂದಲೂ ಬರುತ್ತೆ.

ಎರಡನೇದು, ಖಾತೆದಾರರ ಹೆಸರು. ನಾವು ಎನ್‌ಇಎಫ್‌ಟಿ ಮಾಡುವಾಗ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಮೂರನ್ನೂ ತುಂಬ್ತೀವಿ. ಹೆಸರು ತಪ್ಪಿದ್ದರೆ ಹಣ ವಾಪಸ್ ಬರುತ್ತೆ ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಹಣ ಬರುವ ಬ್ಯಾಂಕು ಖಾತೆ ಸಂಖ್ಯೆ ಒಂದನ್ನೇ ನೋಡಿ ಜಮೆ ಮಾಡಬಹುದು ಅಂತ ರಿಸರ್ವ್ ಬ್ಯಾಂಕ್ 2010ರ ಅಕ್ಟೋಬರ್‌ನಲ್ಲೇ ಹೇಳಿದೆ. ನೀವು ಕಂಪನಿಯ ಹೆಸರು ಬರೆದು ಕಳ್ಳನ ಸಂಖ್ಯೆ ಹಾಕಿದರೆ ಹಣ ಕಳ್ಳನಿಗೇ ಹೋಗುತ್ತೆ.

ಈ ತೂತು ಮುಚ್ಚೋಕೆ ಅಂತ 2024ರ ಡಿಸೆಂಬರ್ 30ರಂದು ರಿಸರ್ವ್ ಬ್ಯಾಂಕ್ ಇನ್ನೊಂದು ಆದೇಶ ಹೊರಡಿಸಿತು. ಆರ್‌ಟಿಜಿಎಸ್, ಎನ್‌ಇಎಫ್‌ಟಿ ಮಾಡುವ ಮುಂಚೆ ಆ ಸಂಖ್ಯೆಯ ಖಾತೆ ಯಾರ ಹೆಸರಿನಲ್ಲಿದೆ ಅಂತ ತೋರಿಸೋ ಸೌಲಭ್ಯವನ್ನು ಬ್ಯಾಂಕುಗಳು 2025ರ ಏಪ್ರಿಲ್ 1ರೊಳಗೆ ಕೊಡಬೇಕು, ಅದಕ್ಕೆ ಶುಲ್ಕ ತಗೋಬಾರದು ಅಂತ. ಮೊಬೈಲ್ ಬ್ಯಾಂಕಿಂಗ್‌ನಲ್ಲಿ ಹೊಸ ಖಾತೆ ಸೇರಿಸುವಾಗ ಹೆಸರು ತಾನಾಗೇ ಬರೋದು ಇದೇ. ಬ್ಯಾಂಕಿಗೇ ಹೋಗಿ ಹಣ ಕಳಿಸೋರೂ ಕೌಂಟರಿನಲ್ಲಿ ಕೇಳಬಹುದು. ಆ ಹೆಸರನ್ನ ಓದದೆ "ಮುಂದೆ" ಒತ್ತಬೇಡಿ. ಕಂಪನಿಗೆ ಕಳಿಸ್ತಿದ್ದೀನಿ ಅಂದುಕೊಂಡಾಗ ಯಾವುದೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ.

ಆದರೆ ಹೆಸರು ಸರಿ ಇದ್ದರೆ ಎಲ್ಲ ಸರಿ ಅಂತಲೂ ಅಲ್ಲ. ಲಿಥುವೇನಿಯಾದ ಎವಾಲ್ಡಾಸ್ ರಿಮಾಸೌಸ್ಕಾಸ್ ಅನ್ನೋನು ಗೂಗಲ್, ಫೇಸ್‌ಬುಕ್ ಎರಡಕ್ಕೂ ಟೋಪಿ ಹಾಕಿದ. ಇಬ್ಬರಿಗೂ ತೈವಾನಿನ ಕ್ವಾಂಟಾ ಕಂಪ್ಯೂಟರ್ ಅನ್ನೋ ಕಂಪನಿ ಯಂತ್ರಾಂಶ ಪೂರೈಸ್ತಿತ್ತು. ಇವನು ಲಾಟ್ವಿಯಾದಲ್ಲಿ ಅದೇ ಹೆಸರಿನ ಇನ್ನೊಂದು ಕಂಪನಿ ನೋಂದಾಯಿಸಿದ, ಅದರ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದ, ಸುಳ್ಳು ಬಿಲ್ಲು ಕಳಿಸಿದ. 2013ರಿಂದ 2015ರವರೆಗೆ 12 ಕೋಟಿ ಡಾಲರಿಗಿಂತ ಹೆಚ್ಚು ಹಣ ಹೋಯ್ತು. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಅಲ್ಲಿ ಹೆಸರು ಹೋಲಿಸಿ ನೋಡಿದ್ದರೂ ಸರಿಯಾಗೇ ಕಾಣ್ತಿತ್ತು.

ಹಾಗಾಗಿ ಮೂರನೇ ಪರೀಕ್ಷೆ ಬೇಕು. ಒಂದು ರೂಪಾಯಿ ಹಾಕಿ ನೋಡೋದು ಎಲ್ಲರಿಗೂ ಗೊತ್ತು. ಆದರೆ ಒಂದು ರೂಪಾಯಿ ಹೋಯ್ತು ಅನ್ನೋದರಿಂದ ಗೊತ್ತಾಗೋದು ಇಷ್ಟೇ: ಆ ಖಾತೆ ಇದೆ. ಅದು ಯಾರ ಕೈಲಿದೆ ಅಂತ ಗೊತ್ತಾಗಲ್ಲ. ಅದನ್ನ ಸ್ವಲ್ಪ ಬದಲಾಯಿಸಿ ಹೀಗೆ ಮಾಡಿ. ನಿಮಗೆ ತೋಚಿದ ಒಂದು ಸಣ್ಣ ಮೊತ್ತ ಕಳಿಸಿ, 23 ರೂಪಾಯಿ ಅಂದುಕೊಳ್ಳಿ. ಎಷ್ಟು ಅಂತ ಯಾರಿಗೂ ಹೇಳಬೇಡಿ. ಆಮೇಲೆ ಹಳೇ ನಂಬರಿಗೆ ಫೋನ್ ಮಾಡಿ, "ಈಗಷ್ಟೇ ನಿಮ್ಮ ಖಾತೆಗೆ ಎಷ್ಟು ಬಂತು ಹೇಳಿ" ಅಂತ ಕೇಳಿ. ಅವರೇ "ಇಪ್ಪತ್ಮೂರು" ಅಂದರೆ, ನಿಮಗೆ ಗೊತ್ತಿರೋ ಕಂಪನಿಯೂ ಆ ಖಾತೆಯೂ ಒಂದೇ ಅಂತ ಖಚಿತ. ಖಾತೆ ಕಳ್ಳನದಾಗಿದ್ದರೆ ಕಂಪನಿಯವರಿಗೆ ಆ ಸಂಖ್ಯೆ ಗೊತ್ತಿರೋಕೆ ಸಾಧ್ಯವೇ ಇಲ್ಲ. ಲಕ್ಷ ರೂಪಾಯಿ ಕಳಿಸೋ ಮುಂಚೆ ಐದು ನಿಮಿಷದ ಕೆಲಸ.

ಬ್ಯಾಂಕೇ ಬದಲಾದಾಗ

ನಮ್ಮ ರಾಜ್ಯದಲ್ಲಿ ಖಾತೆ ಬದಲಾಗಿದೆ ಅನ್ನೋ ಮಾತನ್ನ ಜನ ಬೇಗ ನಂಬೋಕೆ ಒಂದು ಕಾರಣ ಇದೆ. ಇಲ್ಲಿ ಬ್ಯಾಂಕುಗಳೇ ಬದಲಾಗ್ತಾ ಬಂದಿವೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯ್ತು. "ಬ್ಯಾಂಕ್ ವಿಲೀನ ಆಗಿದೆ, ಅದಕ್ಕೆ ಹೊಸ ಖಾತೆ" ಅಂತ ಬರೆದರೆ ಯಾರಿಗೂ ಆಶ್ಚರ್ಯ ಆಗಲ್ಲ. ಕಳ್ಳನಿಗೆ ಇದಕ್ಕಿಂತ ಒಳ್ಳೆ ನೆಪ ಬೇಕಾ?

ಆದರೆ ನಿಜವಾದ ವಿಲೀನಕ್ಕೆ ಒಂದು ಲೆಕ್ಕ ಇರುತ್ತೆ. ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ ಸೇರಿದಾಗ ಏನಾಯ್ತು ನೋಡಿ. ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ ಇರುತ್ತೆ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೇದು ಸೊನ್ನೆ, ಕೊನೆಯ ಆರು ಶಾಖೆಯ ಗುರುತು. ಸಿಂಡಿಕೇಟ್‌ನ ಹಳೇ ಶಾಖೆಗಳಿಗೆ ಮೊದಲ ನಾಲ್ಕು ಅಕ್ಷರ ಬದಲಾಯಿತು, ಶಾಖೆಯ ಸಂಖ್ಯೆಗೆ 10,000 ಸೇರಿತು. ಅಂದರೆ ಹೀಗೆ:

```
SYNB0003687  →  CNRB0013687
```

ಹಳೇ ಕೋಡುಗಳು 2021ರ ಜುಲೈ 1ರಿಂದ ನಿಂತವು. ಅಂಥಾ ಪತ್ರ ಬಂದಾಗ ನೀವೇ ಲೆಕ್ಕ ಹಾಕಿ ನೋಡಬಹುದಿತ್ತು. ಇದರಿಂದ ಕಲಿಯಬೇಕಾದ್ದು: ವಿಲೀನದ ಹೆಸರು ಹೇಳೋ ಪತ್ರದಲ್ಲಿ ಹೊಸ ಖಾತೆ ಇರೋ ಬ್ಯಾಂಕು, ಹಳೇ ಬ್ಯಾಂಕು ಸೇರಿದ ಬ್ಯಾಂಕೇ ಆಗಿರಬೇಕು. ಸಿಂಡಿಕೇಟ್ ಖಾತೆ ಇದ್ದವರು ವಿಲೀನದ ಕಾರಣ ಹೇಳಿ ಯಾವುದೋ ಖಾಸಗಿ ಬ್ಯಾಂಕಿನ ಸಂಖ್ಯೆ ಕೊಟ್ಟರೆ, ಕಾರಣವೂ ಸಂಖ್ಯೆಯೂ ಒಂದಕ್ಕೊಂದು ಹೊಂದಲ್ಲ. ವಿಲೀನದಲ್ಲಿ ಕೆಲವು ಸಲ ಖಾತೆ ಸಂಖ್ಯೆ ಹಾಗೇ ಉಳಿಯುತ್ತೆ, ಕೆಲವು ಸಲ ಅದೂ ಬದಲಾಗುತ್ತೆ. ಹಾಗಾಗಿ ಸಂಖ್ಯೆ ಬದಲಾಗಿದ್ದು ಮಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ. ಪತ್ರ ಹೇಳೋ ಕಾರಣ ಆ ಬ್ಯಾಂಕಿನ ಅಧಿಕೃತ ವೆಬ್‌ಸೈಟಿನಲ್ಲಿ ಇದೆಯಾ ನೋಡಿ.

ಕಂಪನಿ ತನಗೂ ಹಾಕಿಕೊಳ್ಳಬೇಕಾದ ನಿಯಮ

ನೋಟಿಸ್ ಬರೆದಾದ ಮೇಲೆ ಮ್ಯಾನೇಜರ್ ಒಂದು ಒಳ್ಳೆ ಪ್ರಶ್ನೆ ಕೇಳಿದರು: "ನಾವು ಅವರಿಗೆ ಇಷ್ಟೆಲ್ಲ ಹೇಳ್ತೀವಿ. ಬೆಳೆಗಾರರೇ ಫೋನ್ ಮಾಡಿ ನನ್ನ ಖಾತೆ ಬದಲಾಗಿದೆ, ಇದಕ್ಕೆ ಹಾಕಿ ಅಂದ್ರೆ ನಾವೇನು ಮಾಡ್ಬೇಕು?"

ಅದು ಇದೇ ಮೋಸದ ಇನ್ನೊಂದು ಮುಖ. ಗೂಗಲ್, ಫೇಸ್‌ಬುಕ್ ಸಿಕ್ಕಿಬಿದ್ದಿದ್ದು ಹಣ ಕೊಡೋ ಜಾಗದಲ್ಲಿ ನಿಂತು. ಈಗ ಅವರಲ್ಲಿ ಮೂರು ನಿಯಮ ಇದೆ. ಖಾತೆ ಬದಲಾವಣೆ ಫೋನಿನಲ್ಲಿ ತಗೊಳ್ಳಲ್ಲ. ಬೆಳೆಗಾರರು ಪಾಸ್‌ಬುಕ್ ಅಥವಾ ರದ್ದು ಮಾಡಿದ ಚೆಕ್ ಹಿಡಿದು ಕಚೇರಿಗೆ ಬಂದು ಸಹಿ ಹಾಕಬೇಕು. ಬರೋಕಾಗದವರಿಗೆ ಪುಸ್ತಕದಲ್ಲಿರೋ ಹಳೇ ನಂಬರಿಗೆ ಕಂಪನಿಯೇ ಫೋನ್ ಮಾಡಿ ಕೇಳುತ್ತೆ, ಆಮೇಲೆ ಮನೆಗೇ ಹೋಗಿ ಸಹಿ ತಗೊಳ್ಳುತ್ತೆ. ಎರಡನೇದು, ಕಂಪ್ಯೂಟರಿನಲ್ಲಿ ಹೊಸ ಸಂಖ್ಯೆ ತುಂಬೋರು ಒಬ್ಬರು, ಕಾಗದ ನೋಡಿ ಒಪ್ಪಿಗೆ ಕೊಡೋರು ಇನ್ನೊಬ್ಬರು. ಮೂರನೇದು, ಬದಲಾದ ಖಾತೆಗೆ ಮೊದಲ ಪೇಮೆಂಟು ಎರಡು ದಿನ ಬಿಟ್ಟು. ಬದಲಾದ ದಿನವೇ ಹಳೇ ನಂಬರಿಗೆ ಒಂದು ಮೆಸೇಜ್ ಹೋಗುತ್ತೆ: "ನಿಮ್ಮ ಖಾತೆ ವಿವರ ಬದಲಾಗಿದೆ. ನೀವು ಮಾಡಿಸಿಲ್ಲವಾದರೆ ತಕ್ಷಣ ಕಚೇರಿಗೆ ತಿಳಿಸಿ." ಬೇರೆ ಯಾರೋ ಬದಲಾಯಿಸಿದ್ದರೆ ಆ ಎರಡು ದಿನದಲ್ಲಿ ಗೊತ್ತಾಗಲಿ ಅಂತ.

ಇಬ್ಬರೇ ಕೆಲಸ ಮಾಡೋ ಕಚೇರಿಯಲ್ಲಿ ಒಬ್ಬರು ರಜೆ ಹೋದರೆ ಈ ಎರಡನೇ ನಿಯಮ ಮುರಿಯುತ್ತೆ. ಹಾಗಾಗಿ ಒಬ್ಬರು ಇಲ್ಲದ ದಿನ ಖಾತೆ ಬದಲಾವಣೆ ಇಲ್ಲ ಅಂತ ಬೋರ್ಡಿನಲ್ಲೇ ಬರೆದಿದ್ದಾರೆ. ಬೆಳೆಗಾರರು ಮೊದಲು ಗೊಣಗಿದರು, ಈಗ ಅಭ್ಯಾಸ ಆಗಿದೆ.

ಹಣ ಹೋಗಿಯೇಬಿಟ್ಟರೆ

ಇಷ್ಟೆಲ್ಲ ಆದ ಮೇಲೂ ಹಣ ತಪ್ಪು ಖಾತೆಗೆ ಹೋಗಬಹುದು. ಆಗ ಮಾಡಬೇಕಾದ ಮೊದಲ ಕೆಲಸ 1930ಕ್ಕೆ ಫೋನ್. ಇದು ಆನ್‌ಲೈನ್ ಹಣದ ಮೋಸಕ್ಕೇ ಇರೋ ರಾಷ್ಟ್ರೀಯ ಸಹಾಯವಾಣಿ. `cybercrime.gov.in`ನಲ್ಲೂ ದೂರು ಕೊಡಬಹುದು. ಕೈಲಿ ಮೂರು ಮಾಹಿತಿ ಇಟ್ಕೊಳ್ಳಿ: ಯಾವ ಖಾತೆಗೆ ಹೋಯ್ತು, ಎಷ್ಟು ಹೊತ್ತಿಗೆ, ಮತ್ತು ಯುಟಿಆರ್ ಸಂಖ್ಯೆ. ಪ್ರತಿ ವರ್ಗಾವಣೆಗೂ ಬ್ಯಾಂಕ್ ಕೊಡೋ ಗುರುತಿನ ಸಂಖ್ಯೆಯೇ ಯುಟಿಆರ್. ಎನ್‌ಇಎಫ್‌ಟಿಯಾದರೆ 16 ಅಕ್ಷರ, ಆರ್‌ಟಿಜಿಎಸ್ ಆದರೆ 22.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಜಮೆ ಆದ ಹಣವನ್ನ ನಿಮ್ಮ ಬ್ಯಾಂಕ್ ತಾನಾಗಿ ಹಿಂದಕ್ಕೆ ಎಳೆದುಕೊಳ್ಳೋಕಾಗಲ್ಲ. ದೂರು ಬಂದ ಮೇಲೆ ಆಗೋದು, ಆ ಹಣ ಯಾವ ಖಾತೆಯಲ್ಲಿ ಇನ್ನೂ ಉಳಿದಿದೆಯೋ ಅಲ್ಲಿ ಅದನ್ನ ತಡೆಹಿಡಿಯೋದು. ಕಳ್ಳರು ಹಣ ಬಂದ ಕೂಡಲೇ ಒಂದು ಖಾತೆಯಿಂದ ಹಲವು ಖಾತೆಗೆ ಹಂಚಿ ತೆಗೆದುಬಿಡ್ತಾರೆ. ಹಾಗಾಗಿ ಮೊದಲ ಗಂಟೆಯಲ್ಲಿ ಮಾಡಿದ ಫೋನಿಗೂ ಮಾರನೇ ದಿನ ಮಾಡಿದ ಫೋನಿಗೂ ಬಹಳ ವ್ಯತ್ಯಾಸ. "ಮೊದಲು ಕಂಪನಿಯವರ ಹತ್ರ ಮಾತಾಡೋಣ, ಮಗ ಶನಿವಾರ ಬರ್ತಾನೆ ಕೇಳೋಣ" ಅಂತ ಕಾಯೋದರಲ್ಲೇ ಹಣ ಹೋಗೋದು. 1930ಕ್ಕೆ ಹೇಳಿ, ನಿಮ್ಮ ಬ್ಯಾಂಕಿಗೆ ಹೇಳಿ, ಆಮೇಲೆ ಜಿಲ್ಲಾ ಕೇಂದ್ರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ.

ಮೋಸ ಗೊತ್ತಾಗೋದೇ ತಡವಾಗುತ್ತೆ ಅನ್ನೋದು ಇಲ್ಲಿನ ಇನ್ನೊಂದು ಕಷ್ಟ. ಕಟ್ಟಿದವರು ಕಟ್ಟಿಯಾಯ್ತು ಅಂತ ಸುಮ್ಮನಿರ್ತಾರೆ, ಕಂಪನಿಯವರು ಇನ್ನೂ ಕಟ್ಟಿಲ್ಲ ಅಂತ ಸುಮ್ಮನಿರ್ತಾರೆ. ಇಬ್ಬರೂ ಮರ್ಯಾದೆಗೆ ಕೇಳಲ್ಲ. ತಿಂಗಳಾದ ಮೇಲೆ ಮಾತು ಬಂದಾಗ ಬಯಲಾಗುತ್ತೆ. ಅದಕ್ಕೆ ಹೊಸ ಖಾತೆಯ ಮೊದಲ ಮೂರು ತಿಂಗಳು ಕಂಪನಿ ಒಂದು ಪದ್ಧತಿ ಇಟ್ಟುಕೊಂಡಿದೆ: ಹಣ ಬಂದ ದಿನವೇ ಹಳೇ ನಂಬರಿನಿಂದ "ಇಷ್ಟು ಬಂದಿದೆ" ಅಂತ ಮೆಸೇಜ್. ಸಂಜೆಯೊಳಗೆ ಆ ಮೆಸೇಜ್ ಬರದಿದ್ದರೆ ಕಟ್ಟಿದವರು ಫೋನ್ ಮಾಡಬೇಕು. ಇದನ್ನ ನೋಟಿಸಿನ ಹಿಂದೆ ಕೈಯಲ್ಲೇ ಬರೆದು ಕೊಟ್ಟಿದ್ದಾರೆ.

ನೋಟಿಸನ್ನು ತೂಕದ ಶೆಡ್ಡಿನ ಬಾಗಿಲಿಗೂ ಅಂಟಿಸಿದ್ದಾರೆ. ವಾಟ್ಸಾಪ್ ಗುಂಪಿಗೆ ಹೋಗಿದ್ದು ಒಂದೇ ಸಾಲು: "ಸೂಚನೆ ಕಚೇರಿಯಲ್ಲಿದೆ, ಈ ಕಡೆ ಬಂದಾಗ ಓದಿಕೊಂಡು ಹೋಗಿ." ಅದನ್ನ ಯಾರು ಎಷ್ಟು ತಿದ್ದಿ ಫಾರ್ವರ್ಡ್ ಮಾಡಿದರೂ ಅದರಲ್ಲಿ ಕದಿಯೋಕೆ ಏನೂ ಇಲ್ಲ.